‘ನಮ್ಮ ಮಾತು ನಿಮಗೆ ಕೇಳಿಸುತ್ತಾ?’: ಮಗಳ ವಾಚಿಗೆ ಅನುಮತಿ ಕೇಳಿ ಬರೆದ ಮೂರು ಪತ್ರಗಳು

ಜೂನ್ ಕೊನೆಯ ವಾರ. ಮೈಸೂರಿನಲ್ಲಿ ಜಡಿಮಳೆ. ನಾಲ್ಕನೇ ಕ್ಲಾಸಿನ ಮಗಳು ದಿನಾ ಸಂಜೆ ನಾಲ್ಕೂವರೆಗೆ ಆಂದೋಲನ ಸರ್ಕಲ್ ಹತ್ತಿರ ವ್ಯಾನ್ ಇಳಿಯುತ್ತಾಳೆ. ಅಲ್ಲಿಂದ ನಮ್ಮತ್ತೆ ಅವಳನ್ನು ಮನೆಗೆ ಕರೆದುಕೊಂಡು ಬರುತ್ತಾರೆ. ಅವತ್ತು ಐದು ಗಂಟೆಯಾದರೂ ವ್ಯಾನ್ ಸುಳಿವಿಲ್ಲ. ಅತ್ತೆ ಕೊಡೆ ಹಿಡಿದು ನಿಂತಲ್ಲಿಂದಲೇ ನನಗೆ ಫೋನ್ ಮಾಡಿದರು. ನಾನು ಆಫೀಸಿನಲ್ಲಿ. ವ್ಯಾನಿನ ಆ್ಯಪ್ ತೆರೆದು ನೋಡಿದರೆ ಗಾಡಿಯ ಚುಕ್ಕೆ ರಿಂಗ್ ರೋಡಿನ ಪಕ್ಕ ಅಲ್ಲಾಡದೆ ನಿಂತಿತ್ತು. ಡ್ರೈವರ್ ಫೋನ್ ಸ್ವಿಚ್ ಆಫ್.

ಆಗಿದ್ದು ಇಷ್ಟೇ. ವ್ಯಾನ್ ಕೆಟ್ಟಿತ್ತು, ಮಕ್ಕಳನ್ನು ಇನ್ನೊಂದು ವ್ಯಾನಿಗೆ ಹತ್ತಿಸಿದ್ದರು. ಆ ವ್ಯಾನಿನವನಿಗೆ ನಮ್ಮ ಸ್ಟಾಪ್ ಗೊತ್ತಿಲ್ಲ. ವಿವೇಕಾನಂದ ಸರ್ಕಲ್‌ನಲ್ಲಿ ಇಳಿಸಿ ಹೋಗಿದ್ದ. ಮಗಳು ಬೇಕರಿಯೊಂದರ ಶೀಟಿನ ಕೆಳಗೆ ಬ್ಯಾಗ್ ತಬ್ಬಿಕೊಂಡು ನಿಂತಿದ್ದಳು. ಬೇಕರಿಯವರು ಅವಳ ಡೈರಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಒಟ್ಟು 35 ನಿಮಿಷ. ಆ 35 ನಿಮಿಷ ನಾನು ಹೇಗಿದ್ದೆ ಅಂತ ಬರೆಯೋಕೆ ಹೋಗಲ್ಲ.

ಆ ವಾರವೇ ಆನ್‌ಲೈನ್‌ನಲ್ಲಿ ಒಂದು ಮಕ್ಕಳ ಜಿಪಿಎಸ್ ವಾಚ್ ತರಿಸಿದೆ. ಬೆಲೆ 2,600 ರೂಪಾಯಿ. ಮೊದಲ ಯಡವಟ್ಟು ಅಲ್ಲೇ ಆಯಿತು. ಅದು 2ಜಿ ವಾಚ್. ಮನೆಯಲ್ಲಿ ಸುಮ್ನೆ ಬಿದ್ದಿದ್ದ ಸಿಮ್‌ನ ಕಂಪನಿಗೆ 2ಜಿ ಜಾಲವೇ ಇಲ್ಲ. ಎರಡು ದಿನ ಸಿಗ್ನಲ್ ಬರಲಿಲ್ಲ ಅಂತ ತಲೆ ಕೆಡಿಸಿಕೊಂಡು, ಕೊನೆಗೆ ಬೇರೆ ಕಂಪನಿಯ ಸಿಮ್ ನನ್ನ ಆಧಾರ್ ಮೇಲೆ ತೆಗೆದುಕೊಂಡೆ. ನೀವು ಕೊಳ್ಳುವುದಾದರೆ ಡಬ್ಬದ ಮೇಲೆ 4ಜಿ ಅಂತ ಇದೆಯಾ ನೋಡಿ, ನ್ಯಾನೋ ಸಿಮ್ ಹಿಡಿಯುತ್ತಾ ಕೇಳಿ.

ಮಗಳು ವಾಚ್ ಕಟ್ಟಿಕೊಂಡು ಶಾಲೆಗೆ ಹೋದ ಮೊದಲ ದಿನವೇ ಅದನ್ನು ಕ್ಲಾಸ್ ಮಿಸ್ ಬಿಚ್ಚಿಸಿ ಇಟ್ಟುಕೊಂಡರು. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಎರಡು ಸಾಲು: ಎಲೆಕ್ಟ್ರಾನಿಕ್ ವಸ್ತು ತರುವಂತಿಲ್ಲ, ಪೋಷಕರು ಬಂದು ಕಾಣಬೇಕು. ಮಗಳಿಗೆ ಕಣ್ಣೀರು. ತಪ್ಪು ನನ್ನದು. ಮೊದಲು ಕೇಳಬೇಕಿತ್ತು, ಆಮೇಲೆ ಕಳಿಸಬೇಕಿತ್ತು.

ಅವತ್ತು ರಾತ್ರಿ ಸಿಟ್ಟಿನಲ್ಲೇ ಮೊದಲ ಪತ್ರ ಬರೆದೆ. ಪತ್ರ ಅನ್ನುವುದಕ್ಕಿಂತ ಜಗಳ ಅನ್ನಬಹುದು. ‘ವ್ಯಾನಿನ ಬೇಜವಾಬ್ದಾರಿಯಿಂದ ನನ್ನ ಮಗು ಬೀದಿಯಲ್ಲಿ ನಿಂತಿತ್ತು, ಆದ್ದರಿಂದ ವಾಚಿಗೆ ಅವಕಾಶ ಕೊಡಲೇಬೇಕು’ ಅನ್ನುವ ಧಾಟಿ. ಅದನ್ನು ಶಾಲೆಯ ವಾಟ್ಸಾಪ್ ನಂಬರಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಹತ್ತು ದಿನ ಕಾದರೂ ಉತ್ತರ ಮಾತ್ರ ಇಲ್ಲ.

ನನ್ನ ತಮ್ಮ ವಕೀಲ. ಅವನು ಒಂದು ತೀರ್ಪು ಹುಡುಕಿ ಕೊಟ್ಟ. 2025ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದು. ಮಕ್ಕಳು ಶಾಲೆಗೆ ಸ್ಮಾರ್ಟ್‌ಫೋನ್ ತರುವುದನ್ನೇ ಪೂರ್ತಿ ನಿಷೇಧಿಸುವುದು ಸರಿಯಲ್ಲ, ಬಳಕೆಗೆ ಕಟ್ಟುಪಾಡು ಹಾಕಿ, ಸುರಕ್ಷತೆಗೆ ಮತ್ತು ಸಂಪರ್ಕಕ್ಕೆ ಇರಲಿ, ಮನರಂಜನೆಗೆ ಬೇಡ ಅನ್ನುವುದು ಅದರ ಸಾರ. ಓದಿ ಖುಷಿಯಾಯಿತು. ಆದರೆ ತಮ್ಮನೇ ಹೇಳಿದ: “ಅಕ್ಕಾ, ಇದು ದೆಹಲಿಯ ಕೋರ್ಟು, ವಿಷಯ ಫೋನಿನದು. ನಿನ್ನ ಪತ್ರದಲ್ಲಿ ಹಾಕಿದರೆ ಅವರಿಗೆ ನೋಟಿಸ್ ಥರ ಕಾಣುತ್ತೆ. ಸುಮ್ನೆ ಇಟ್ಕೊ.” ಇಟ್ಟುಕೊಂಡೆ. ಕೊನೆಗೂ ಅದನ್ನು ಬಳಸಲಿಲ್ಲ, ಬಳಸದೇ ಇದ್ದದ್ದು ಒಳ್ಳೆಯದೇ ಆಯಿತು.

ಜುಲೈ ಎರಡನೇ ವಾರ ಅರ್ಧ ದಿನ ರಜೆ ಹಾಕಿ ಹೋದೆ. ಕ್ಲಾಸ್ ಮಿಸ್ ವಾಚ್ ಕೊಟ್ಟು, “ನನ್ನ ಕೈಲಿ ಏನೂ ಇಲ್ಲ, ಹೆಡ್ ಮೇಡಂನ ಕೇಳಿ” ಅಂದರು. ಹೆಡ್ ಮೇಡಂ ರೂಮಿನ ಹೊರಗೆ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತೆ. ಒಳಗೆ ಹೋದ ಮೇಲೆ ಅವರು ನನ್ನ ಕಥೆಯನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡರು. ವ್ಯಾನಿಗೆ ಜಿಪಿಎಸ್ ಇದೆಯಲ್ಲಮ್ಮ ಅಂದರು. ಜಿಪಿಎಸ್ ಇರುವುದು ಗಾಡಿಗೆ, ಮಗು ಆ ಗಾಡಿಯಲ್ಲೇ ಇರಲಿಲ್ಲವಲ್ಲ ಅಂದೆ. ಅದನ್ನು ಒಪ್ಪಿಕೊಂಡರು. ಆಮೇಲೆ ವಾಚನ್ನು ಕೈಗೆ ತೆಗೆದುಕೊಂಡು ಒಂದೇ ಪ್ರಶ್ನೆ ಕೇಳಿದರು.

“ನೋಡಮ್ಮ, ಮಗು ಎಲ್ಲಿದೆ ಅಂತ ನಿಮಗೆ ಗೊತ್ತಾಗಲಿ, ನಮ್ಮದೇನೂ ತಕರಾರಿಲ್ಲ. ಆದರೆ ಕ್ಲಾಸಲ್ಲಿ ನಮ್ಮ ಮಿಸ್‌ಗಳು ಆಡೋ ಮಾತು ನಿಮಗೆ ಕೇಳಿಸುತ್ತಾ?”

ಇಲ್ಲವೇ ಇಲ್ಲ ಮೇಡಂ ಅಂದೆ. ಗಟ್ಟಿಯಾಗಿಯೇ ಅಂದೆ. ಕ್ಲಾಸ್ ಟೈಮಲ್ಲಿ ಕರೆ ಬಂದ್ ಮಾಡಿರುತ್ತೇನೆ, ಬರೀ ಲೊಕೇಶನ್ ಅಷ್ಟೇ ಅಂದೆ. ಸರಿ, ಬರೆದು ಕೊಡಿ, ಆಡಳಿತ ಮಂಡಳಿಗೆ ಕಳಿಸ್ತೀನಿ ಅಂದರು.

ಬರೆಯಲು ಕೂತಾಗ ಒಂದು ಸಲ ಪರೀಕ್ಷೆ ಮಾಡಿಬಿಡೋಣ ಅನ್ನಿಸಿತು. ಆ್ಯಪ್‌ನ ಮೆನುವಿನಲ್ಲಿ ಒಂದೊಂದೇ ಒತ್ತುತ್ತಾ ಹೋದೆ. ಕೆಳಗಡೆ `Monitor` ಅಂತ ಒಂದಿತ್ತು. ನಾನು ಅದನ್ನು ಲೊಕೇಶನ್ ಅಂದುಕೊಂಡಿದ್ದೆ. ಒತ್ತಿದರೆ ನನ್ನ ಫೋನ್ ನಂಬರ್ ಕೇಳಿತು. ಕೊಟ್ಟೆ. ಅರ್ಧ ನಿಮಿಷಕ್ಕೆ ನನ್ನ ಫೋನ್ ರಿಂಗಾಯಿತು, ವಾಚಿನ ನಂಬರಿನಿಂದ. ಎತ್ತಿ ಕಿವಿಗಿಟ್ಟರೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ, ಅತ್ತೆ ಮಗಳಿಗೆ ಮಗ್ಗಿ ಹೇಳಿಸುತ್ತಿದ್ದಾರೆ. ಓಡಿ ಹೋಗಿ ನೋಡಿದೆ. ವಾಚ್ ಮಗಳ ಕೈಯಲ್ಲೇ ಇತ್ತು. ಪರದೆ ಕಪ್ಪಗಿತ್ತು. ಬೆಳಕಿಲ್ಲ, ಸದ್ದಿಲ್ಲ, ನಡುಕವಿಲ್ಲ. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಕ್ಲಾಸ್ ಮೋಡ್ ಹಾಕಿ ಮತ್ತೆ ನೋಡಿದೆ. ಆಗಲೂ ಕೇಳಿಸಿತು.

ಈ ಒಂದು ವಿಷಯವನ್ನು ಈ ದಾರಿಯಲ್ಲಿ ಹೊರಟ ಎಲ್ಲರಿಗೂ ಹೇಳಬೇಕು. ಕ್ಲಾಸ್ ಮೋಡ್ ಅನ್ನುವುದು ಒಳಗೆ ಬರುವ ಕರೆಯನ್ನು ಮತ್ತು ಮಗು ಮಾಡುವ ಕರೆಯನ್ನು ತಡೆಯುತ್ತದೆ, ಆಟಗಳನ್ನು ಮುಚ್ಚುತ್ತದೆ, ಬರೀ ಟೈಮ್ ತೋರಿಸುತ್ತದೆ. ಕದ್ದು ಕೇಳುವುದು ಬೇರೆ ಬಾಗಿಲು. ಅಲ್ಲಿ ಆ್ಯಪ್‌ನಿಂದ ಆದೇಶ ಹೋಗಿ, ವಾಚೇ ಸದ್ದಿಲ್ಲದೆ ಹೊರಗೆ ಕರೆ ಮಾಡುತ್ತದೆ. ಹಾಗಾಗಿ ‘ಕರೆ ಬಂದ್’ ಅಂತ ನಾವು ಅಂದುಕೊಂಡರೂ ಮೈಕ್ ತೆರೆದೇ ಇರಬಹುದು. ಬೇರೆ ಬೇರೆ ಆ್ಯಪ್‌ಗಳಲ್ಲಿ ಇದಕ್ಕೆ `Monitor`, `Sound Guardian`, `Remote monitoring` ಅಂತೆಲ್ಲ ಹೆಸರಿರುತ್ತದೆ. ಹೆಸರು ನೋಡಿ ನಂಬಬೇಡಿ, ಒತ್ತಿ ನೋಡಿ.

ರಾತ್ರಿ ಹುಡುಕುತ್ತಾ ಕೂತಾಗ ಗೊತ್ತಾಯಿತು. ಜರ್ಮನಿಯಲ್ಲಿ 2017ರ ನವೆಂಬರಿನಲ್ಲೇ ಇಂಥ ಕದ್ದು ಕೇಳುವ ಮಕ್ಕಳ ವಾಚುಗಳ ಮಾರಾಟವನ್ನು ಅಲ್ಲಿನ ದೂರಸಂಪರ್ಕ ನಿಯಂತ್ರಕರು ನಿಷೇಧಿಸಿದ್ದರು. ತಂದೆತಾಯಿಗಳು ಕ್ಲಾಸಿನಲ್ಲಿ ಟೀಚರ್ ಮಾತನ್ನು ಕೇಳಲು ಇದನ್ನು ಬಳಸುತ್ತಿರುವುದೂ ಕಂಡುಬಂದಿದೆ ಅಂತ ಅವರೇ ಹೇಳಿದ್ದರು. ಕೊಂಡವರು ತಾವೇ ನಾಶ ಮಾಡಿ ಅಂತಲೂ ತಿಳಿಸಿದ್ದರು. ಅಂದರೆ ನಮ್ಮ ಹೆಡ್ ಮೇಡಂ ಕೇಳಿದ್ದು ಸುಮ್ಮನೆ ಅನುಮಾನದ ಪ್ರಶ್ನೆ ಅಲ್ಲ. ಕ್ಲಾಸಿನಲ್ಲಿ ನನ್ನ ಮಗಳೊಬ್ಬಳೇ ಇಲ್ಲ, ಇನ್ನೂ 38 ಮಕ್ಕಳಿದ್ದಾರೆ. ಅವರ ಮಾತು ಕೇಳಲು ನನಗೇನು ಹಕ್ಕಿದೆ?

ಅಂಗಡಿಯವರ ಸಹಾಯವಾಣಿಗೆ ಫೋನ್ ಮಾಡಿದೆ. ಅದನ್ನು ತೆಗೆಯೋಕಾಗಲ್ಲ ಮೇಡಂ, ನೀವು ಬಳಸಬೇಡಿ ಅಷ್ಟೇ ಅಂದರು. ವಾಪಸ್ ಕೊಡುವ ಅವಧಿ ಮುಗಿದಿತ್ತು. ಇನ್ನೊಂದು ಯೋಚನೆ ಬಂತು. ಈ ವಾಚಿನ ಪಾಸ್‌ವರ್ಡ್ ಕಂಪನಿ ಕೊಟ್ಟ `123456` ಆಗಿಯೇ ಇತ್ತು, ನಾನು ಬದಲಾಯಿಸಿಯೇ ಇರಲಿಲ್ಲ. ಅಗ್ಗದ ವಾಚುಗಳಲ್ಲಿ ಇದು ಮಾಮೂಲು. ನನಗೆ ಕೇಳಿಸಿದ್ದು ಬೇರೆಯವರಿಗೂ ಕೇಳಿಸಬಹುದಲ್ವಾ? ವಾಚನ್ನು ಆಫ್ ಮಾಡಿ ಬೀರುವಿನಲ್ಲಿಟ್ಟೆ. 2,600 ರೂಪಾಯಿ ಹೋಯಿತು.

ಮರುದಿನ ಹೆಡ್ ಮೇಡಂಗೆ ಫೋನ್ ಮಾಡಿ ಹೇಳಿಬಿಟ್ಟೆ: “ಮೇಡಂ, ನಿನ್ನೆ ಕೇಳಿಸಲ್ಲ ಅಂದೆ. ಕೇಳಿಸುತ್ತೆ. ನನಗೇ ಗೊತ್ತಿರಲಿಲ್ಲ.” ಸ್ವಲ್ಪ ಹೊತ್ತು ಮೌನ. ಆಮೇಲೆ, “ಹೇಳಿದ್ದು ಒಳ್ಳೇದಾಯ್ತು. ಬೇರೆ ವಾಚ್ ಸಿಕ್ಕರೆ ಬನ್ನಿ” ಅಂದರು. ನಮ್ಮೆಜಮಾನ್ರು ಮಾತ್ರ, ಆ ಬಟನ್ ಒತ್ತದೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಅನುಮತಿ ಸಿಗ್ತಿತ್ತು ಅಂತ ಒಂದು ವಾರ ರೇಗಿಸಿದರು.

ಎರಡನೇ ವಾಚ್ ಹುಡುಕಲು ಆಗಸ್ಟ್ ಪೂರ್ತಿ ಹಿಡಿಯಿತು. ಮೂರೇ ಷರತ್ತು ಇಟ್ಟುಕೊಂಡೆ: ಕದ್ದು ಕೇಳುವ ಸೌಲಭ್ಯ ಇರಬಾರದು, ಕ್ಯಾಮೆರಾ ಇರಬಾರದು, ಕ್ಲಾಸ್ ಮೋಡ್ ಅನ್ನು ದಿನಕ್ಕೊಂದು ಸಮಯದಂತೆ ಹಾಕಲು ಬರಬೇಕು. ಕ್ಯಾಮೆರಾ ಇಲ್ಲದ ಮಕ್ಕಳ ವಾಚ್ ಹುಡುಕುವುದೇ ದೊಡ್ಡ ಕೆಲಸ. ಮಾರುವವರಿಗೆ ಕ್ಯಾಮೆರಾ ಅಂದರೆ ಹೆಮ್ಮೆ. ಕೊನೆಗೆ 5,800 ರೂಪಾಯಿಗೆ ಒಂದು 4ಜಿ ವಾಚ್ ಸಿಕ್ಕಿತು. ಕೊಳ್ಳುವ ಮೊದಲು ಕಂಪನಿಗೆ ಇಮೇಲ್ ಮಾಡಿ, ದೂರದಿಂದ ಶಬ್ದ ಕೇಳುವ ಸೌಲಭ್ಯ ಇದರಲ್ಲಿಲ್ಲ ಅಂತ ಬರಹದಲ್ಲಿ ತರಿಸಿಕೊಂಡೆ. ಆ ಇಮೇಲ್‌ನ ಪ್ರಿಂಟು ಆಮೇಲೆ ನನ್ನ ಎಲ್ಲ ಪತ್ರಗಳಿಗಿಂತ ಜಾಸ್ತಿ ಕೆಲಸ ಮಾಡಿತು. ಸಿಮ್ ರೀಚಾರ್ಜ್ ತಿಂಗಳಿಗೆ 200 ರೂಪಾಯಿ ಹತ್ತಿರ ಆಗುತ್ತದೆ. ಡೇಟಾ ಇಲ್ಲದಿದ್ದರೆ ಲೊಕೇಶನ್ ಬರಲ್ಲ, ಆದ್ದರಿಂದ ಅದು ತಪ್ಪದ ಖರ್ಚು.

ಈಗ ಎರಡನೇ ಪತ್ರ. ಈ ಸಲ ಅಳಲು ಕಡಿಮೆ ಮಾಡಿ, ವಾಚ್ ಏನು ಮಾಡುತ್ತದೆ, ಏನು ಮಾಡಲ್ಲ ಅನ್ನುವುದನ್ನೇ ಬರೆದೆ. ಎರಡು ಪ್ರತಿ ತೆಗೆದುಕೊಂಡು ಹೋಗಿ ಆಫೀಸಿನಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಶಾಲೆಯ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆ. ವಾಟ್ಸಾಪ್‌ನಲ್ಲಿ ಕಳಿಸಿದ ಪತ್ರಕ್ಕೆ ದಿಕ್ಕುದೆಸೆ ಇರಲ್ಲ, ಇನ್‌ವರ್ಡ್ ಆದ ಪತ್ರಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ಗುಮಾಸ್ತರು, ನೂರು ರೂಪಾಯಿ ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬೇಕು ಅಂದರು. ಹೆಡ್ ಮೇಡಂ ಕೇಳಿ ನಕ್ಕು, ಬಿಳಿ ಹಾಳೆ ಸಾಕು ಅಂದರು. ನೀವೂ ಗುಮಾಸ್ತರ ಮಾತು ಕೇಳಿ ಛಾಪಾ ಕಾಗದಕ್ಕೆ ಓಡುವ ಮೊದಲು ಒಂದು ಸಲ ಮೇಲಿನವರನ್ನು ಕೇಳಿ.

ಎರಡು ವಾರ ಏನೂ ಸುದ್ದಿ ಇಲ್ಲ. ಆಡಳಿತ ಮಂಡಳಿ ಸಭೆ ತಿಂಗಳಿಗೊಮ್ಮೆ, ಗಣೇಶನ ಹಬ್ಬಕ್ಕೆ ಮುಂದಕ್ಕೆ ಹೋಯಿತಂತೆ. ಸೆಪ್ಟೆಂಬರ್ ಮಧ್ಯದಲ್ಲಿ ಫೋನ್ ಬಂತು. ವಾಚ್ ತಂದು ತೋರಿಸಿ.

ಹೆಡ್ ಮೇಡಂ ಮತ್ತು ಮಂಡಳಿಯ ಹಿರಿಯರೊಬ್ಬರು ಕೂತಿದ್ದರು. ಕ್ಲಾಸ್ ಮೋಡ್ ಹಾಕಿ ವಾಚನ್ನು ಮೇಜಿನ ಮೇಲಿಟ್ಟು ಅವರದೇ ಫೋನಿನಿಂದ ಕರೆ ಮಾಡಿಸಿದೆ. ಹೋಗಲಿಲ್ಲ. ನನ್ನ ಫೋನಿನಿಂದ ಮಾಡಿದೆ. ಹೋಗಲಿಲ್ಲ. ವಾಚಿನಿಂದ ಮಾಡಲು ನೋಡಿದರು, ಪರದೆಯಲ್ಲಿ ಬರೀ ಗಂಟೆ. ಕಂಪನಿಯ ಇಮೇಲ್ ಓದಿದರು. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಆಗ ಹಿರಿಯರು ವಾಚಿನ ಪಕ್ಕದ ಗುಂಡಿ ನೋಡಿ, ಇದೇನು ಅಂತ ಒತ್ತಿ ಹಿಡಿದರು. ಮೂರು ಸೆಕೆಂಡು. ನನ್ನ ಬ್ಯಾಗಿನೊಳಗೆ ಫೋನ್ ಹೊಡೆದುಕೊಳ್ಳಲು ಶುರುವಾಯಿತು.

ಅದು ಎಸ್‌ಒಎಸ್, ಅಂದರೆ ತುರ್ತು ಕರೆಯ ಗುಂಡಿ. ಕ್ಲಾಸ್ ಮೋಡ್ ಇದ್ದರೂ ಅದು ಕೆಲಸ ಮಾಡುತ್ತದೆ, ಮಾಡಲೆಂದೇ ಇಟ್ಟಿರುವುದು. ನನಗೆ ಗೊತ್ತಿತ್ತು, ಆದರೆ ಪತ್ರದಲ್ಲಿ ಬರೆಯುವುದು ಹೊಳೆದಿರಲಿಲ್ಲ. “ಕರೆ ಹೋಗಲ್ಲ ಅಂದ್ರಲ್ಲಮ್ಮ?” ಅಂದರು. ಎತ್ತಿದ್ದರೆ ರೂಮಿನ ಮಾತೆಲ್ಲ ಕೇಳಿಸುತ್ತಿತ್ತು. ನನ್ನ ಮುಖ ಹೇಗಾಗಿತ್ತೋ ಏನೋ, ಹೆಡ್ ಮೇಡಂ ನೀರು ಕೊಟ್ಟರು.

ಮನೆಗೆ ಬಂದು ಸೆಟ್ಟಿಂಗ್ ಎಲ್ಲ ಜಾಲಾಡಿದೆ. ಎಸ್‌ಒಎಸ್ ನಂಬರುಗಳ ಪಟ್ಟಿಯನ್ನು ಖಾಲಿ ಬಿಟ್ಟರೆ ಕರೆ ಹೋಗುವುದಿಲ್ಲ, ಆ್ಯಪ್‌ಗೆ ಒಂದು ಸೂಚನೆ ಮಾತ್ರ ಬರುತ್ತದೆ. ನಮ್ಮ ವಾಚಿನಲ್ಲಿ ಹೀಗೆ, ನಿಮ್ಮದರಲ್ಲಿ ಬೇರೆ ಇರಬಹುದು, ಒತ್ತಿಯೇ ನೋಡಬೇಕು. ಶಾಲೆಯೊಳಗೆ ಮಗುವಿಗೆ ಏನಾದರೂ ಆದರೆ ಮೊದಲು ನೋಡಬೇಕಾದವರು ಮಿಸ್ ತಾನೇ. ವ್ಯಾನಿನಲ್ಲಿ ಬೇಕಾದರೆ ಅವಳು ಮಾಮೂಲಾಗಿ ಕರೆ ಮಾಡಬಹುದು. ಪಟ್ಟಿ ಖಾಲಿ ಮಾಡಿದೆ. ಮೂರನೇ ಪತ್ರ ಬರೆದೆ. ಒಪ್ಪಿಗೆ ಸಿಕ್ಕಿದ್ದು ಇದಕ್ಕೆ, ಬೇಕಾದವರು ಬದಲಾಯಿಸಿಕೊಂಡು ಬಳಸಿ:

‘ಇವರಿಗೆ: ಮುಖ್ಯೋಪಾಧ್ಯಾಯಿನಿಯವರು.

ವಿಷಯ: ನಾಲ್ಕನೇ ತರಗತಿಯ ನನ್ನ ಮಗಳು ಲೊಕೇಶನ್ ವಾಚ್ ಕಟ್ಟಿಕೊಂಡು ಬರಲು ಅನುಮತಿ ಕೋರಿ.

ಮಾನ್ಯರೇ,

ವ್ಯಾನ್ ಇಳಿದ ಮೇಲೆ ಮತ್ತು ವ್ಯಾನ್ ಬದಲಾದಾಗ ಮಗಳು ಎಲ್ಲಿದ್ದಾಳೆ ಎಂದು ತಿಳಿಯಲು ಮಾತ್ರ ಈ ವಾಚ್ ಬೇಕಾಗಿದೆ. ಇದರಲ್ಲಿ ಕ್ಯಾಮೆರಾ ಇಲ್ಲ. ದೂರದಿಂದ ಶಬ್ದ ಕೇಳುವ ಸೌಲಭ್ಯ ಇಲ್ಲ. ಕಂಪನಿಯ ಇಮೇಲ್ ಲಗತ್ತಿಸಿದ್ದೇನೆ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 9.15ರಿಂದ ಸಂಜೆ 4ರವರೆಗೆ, ಶನಿವಾರ ಬೆಳಿಗ್ಗೆ 7.45ರಿಂದ 11.45ರವರೆಗೆ ಕರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಎಸ್‌ಒಎಸ್ ಗುಂಡಿ ಇದೆ. ಅದನ್ನು ಒತ್ತಿದರೆ ಕರೆ ಹೋಗುವುದಿಲ್ಲ, ನನ್ನ ಫೋನಿಗೆ ಸೂಚನೆ ಮಾತ್ರ ಬರುತ್ತದೆ. ಸೂಚನೆ ಬಂದರೆ ನಾನು ಶಾಲೆಯ ಆಫೀಸಿಗೆ ಮಾತ್ರ ಫೋನ್ ಮಾಡುತ್ತೇನೆ. ಪರೀಕ್ಷೆಯ ದಿನ ವಾಚನ್ನು ಆಫ್ ಮಾಡಿ ಬ್ಯಾಗಿನಲ್ಲಿಡುತ್ತಾಳೆ. ಕಳೆದರೆ, ಒಡೆದರೆ ಶಾಲೆಯ ಹೊಣೆಯಲ್ಲ. ತಾವು ಯಾವಾಗ ಬೇಕಾದರೂ ವಾಚನ್ನು ಪರಿಶೀಲಿಸಬಹುದು. ಈ ಮಾತಿಗೆ ತಪ್ಪಿದರೆ ಅನುಮತಿ ಹಿಂಪಡೆಯಬಹುದು.

ಇಂತಿ ತಮ್ಮ ವಿಶ್ವಾಸಿ’

ಶನಿವಾರದ ಸಮಯ ಬೇರೆ ಬರೆದಿರುವುದನ್ನು ನೋಡಿ. ಶನಿವಾರ ಬೆಳಗಿನ ಶಾಲೆ. ನಾನು ಮನೆಯಲ್ಲಿ ಪ್ರಯೋಗ ಮಾಡುವಾಗ ಎಲ್ಲ ದಿನಕ್ಕೂ ಒಂದೇ ಸಮಯ ಹಾಕಿದ್ದೆ. ಹಾಗೇ ಬಿಟ್ಟಿದ್ದರೆ ಎಂಟು ಗಂಟೆಯ ಪ್ರಾರ್ಥನೆಯ ಮಧ್ಯೆ ಅತ್ತೆಯ ಕರೆ ಖಂಡಿತ ಬರುತ್ತಿತ್ತು. ತಿಂಡಿ ತಿಂದ್ಯಾ ಅಂತ ಕೇಳದೆ ಅವರಿಗೆ ಇರೋಕಾಗಲ್ಲ.

ಎಸ್‌ಎ-1 ಪರೀಕ್ಷೆ, ದಸರಾ ರಜೆ ಎಲ್ಲ ಮುಗಿದ ಮೇಲೆ ಅನುಮತಿ ಬಂತು. ಅರ್ಧ ಹಾಳೆ. ಶಾಲೆಯವರು ಒಂದು ಷರತ್ತು ತಾವೇ ಸೇರಿಸಿದ್ದರು. ಬೇರೆ ಪೋಷಕರು ಕೇಳಿದರೆ ಇದೇ ನಮೂನೆಯಲ್ಲಿ ಪತ್ರ ಕೊಡಬೇಕು, ವಾಚನ್ನು ಆಫೀಸಿನಲ್ಲಿ ಪರೀಕ್ಷೆ ಮಾಡಿಸಬೇಕು. ಒಟ್ಟು ಲೆಕ್ಕ ಹಾಕಿದರೆ ಎರಡು ವಾಚಿಗೆ 8,400 ರೂಪಾಯಿ, ನಾಲ್ಕು ಅರ್ಧ ದಿನದ ರಜೆ.

ಅನುಮತಿ ಸಿಕ್ಕ ಮೂರನೇ ದಿನವೇ ಅದನ್ನು ಕಳೆದುಕೊಳ್ಳುವ ಹಾಗೆ ಮಾಡಿಕೊಂಡೆ. ಬೆಳಿಗ್ಗೆ ಹನ್ನೊಂದಕ್ಕೆ ಆ್ಯಪ್ ಟಿಣ್ ಅಂತು: ಮಗು ಸುರಕ್ಷಿತ ವಲಯದಿಂದ ಹೊರಗೆ ಹೋಗಿದೆ. ಚುಕ್ಕೆ ಶಾಲೆಯಿಂದ ಒಂದು ಕಿಲೋಮೀಟರ್ ಆಚೆ, ಕೆರೆ ಏರಿಯ ಮೇಲೆ. ಎದೆ ಧಸಕ್ ಅಂತು. ಆಫೀಸಿಗೆ ಫೋನ್ ಮಾಡಿದೆ. ಅವರು ಆಯಮ್ಮನನ್ನು ಓಡಿಸಿದರು. ಮಗಳು ಕ್ಲಾಸಿನಲ್ಲಿ ಕೂತು ಪರಿಸರ ಅಧ್ಯಯನದ ನೋಟ್ಸ್ ಬರೆಯುತ್ತಿದ್ದಳು.

ಕಾರಣ ಆಮೇಲೆ ತಿಳಿಯಿತು. ಕಾಂಕ್ರೀಟ್ ಸೂರಿನ ಕೆಳಗೆ ಜಿಪಿಎಸ್ ಸರಿಯಾಗಿ ಸಿಗಲ್ಲ. ಆಗ ವಾಚ್ ಹತ್ತಿರದ ವೈಫೈ ಹೆಸರುಗಳನ್ನು ನೋಡಿ ಜಾಗ ಅಂದಾಜು ಮಾಡುತ್ತದೆ. ವೈಫೈ ಕೂಡ ಸಿಗದಿದ್ದರೆ ಮೊಬೈಲ್ ಟವರ್ ಹಿಡಿದು ಹೇಳುತ್ತದೆ. ಟವರ್ ಲೆಕ್ಕ ನೂರಾರು ಮೀಟರ್, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ತಪ್ಪಬಹುದು. ಆ್ಯಪ್‌ನಲ್ಲಿ ಚುಕ್ಕೆಯ ಪಕ್ಕ ಸಣ್ಣಕ್ಷರದಲ್ಲಿ `GPS`, `WiFi` ಅಥವಾ `LBS` ಅಂತ ಬರೆದಿರುತ್ತದೆ. `LBS` ಅಂದರೆ ಟವರ್ ಲೆಕ್ಕ. ಅವತ್ತು ಇದ್ದದ್ದು ಅದೇ, ನಾನು ನೋಡಿರಲಿಲ್ಲ. ಈಗ ಕ್ಲಾಸ್ ಸಮಯದಲ್ಲಿ ವಲಯದ ಎಚ್ಚರಿಕೆ ಆಫ್ ಮಾಡಿದ್ದೇನೆ. ಲೊಕೇಶನ್ ಗಂಟೆಗೊಮ್ಮೆ ಬರುವಂತೆ ಇಟ್ಟಿದ್ದೇನೆ. ಸಂಜೆ ನಾಲ್ಕರ ಮೇಲೆ ನಿಮಿಷಕ್ಕೊಮ್ಮೆ. ದಿನವಿಡೀ ನಿಮಿಷಕ್ಕೊಮ್ಮೆ ಇಟ್ಟರೆ ವ್ಯಾನ್ ಹತ್ತುವ ಹೊತ್ತಿಗೇ ಬ್ಯಾಟರಿ ಸತ್ತಿರುತ್ತದೆ, ಅದನ್ನೂ ಒಂದು ದಿನ ಅನುಭವಿಸಿದ್ದಾಯಿತು.

ಆಫೀಸಿಗೆ ಹೋಗಿ ಕ್ಷಮೆ ಕೇಳಿದೆ. ಹೆಡ್ ಮೇಡಂ, “ಮುಂದಿನ ಸಲ ಕೆರೆ ತೋರಿಸಿದ್ರೆ ಐದು ನಿಮಿಷ ಬಿಟ್ಟು ಫೋನ್ ಮಾಡಿ” ಅಂದರು. ಹೊರಗೆ ಬರುವಾಗ ಬೆಂಚಿನ ಮೇಲೆ ಇನ್ನೊಬ್ಬರು ಅಮ್ಮ ಕೂತಿದ್ದರು. ಕೈಯಲ್ಲಿ ಪ್ಯಾಕೆಟ್ ಒಡೆಯದ ಹೊಸ ವಾಚ್. “ಇದ್ರಲ್ಲಿ ಕ್ಯಾಮೆರಾ ಇದೆ, ಪರವಾಗಿಲ್ವಾ?” ಅಂತ ಕೇಳಿದರು. ಪಕ್ಕದಲ್ಲಿ ಕೂತು, ಪ್ಯಾಕೆಟ್ ಒಡೆಯಬೇಡಿ ಅಂದೆ. ಅವರ ವಾಪಸ್ ಕೊಡುವ ಅವಧಿ ಇನ್ನೂ ನಾಲ್ಕು ದಿನ ಇತ್ತು.